ಮೂರು ಸೋಮವಾರ ಅದೇ ವಾಕ್ಯ: ನಡಾವಳಿ ಪುಸ್ತಕದ ದೋಷ ಹುಡುಕಿದ ಬಗೆ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೇಳೆ ವಿಂಗಡಿಸುವ ಕಡೆ, ಸೀಸನ್ ಶುರುವಾದರೆ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್. ಅದರ ನಡಾವಳಿ ಬರೆಯುವ ಕೆಲಸ ನನ್ನದು. ಜನವರಿ 20ರ ನಡಾವಳಿ ಬರೆದು ಮುಗಿಸಿ ಹಿಂದಿನ ಹಾಳೆ ತಿರುಗಿಸಿದಾಗ ಒಂದು ವಾಕ್ಯ ಕಣ್ಣಿಗೆ ಬಿತ್ತು. ಅದೇ ವಾಕ್ಯ 13ನೇ ತಾರೀಖಿನಲ್ಲೂ ಇತ್ತು, 6ರಲ್ಲೂ ಇತ್ತು. ಮೂರೂ ನನ್ನದೇ ಅಕ್ಷರ.

"ಮಾಯಿಶ್ಚರ್ ಮೀಟರ್‌ಗಳ ರೀಡಿಂಗ್‌ನಲ್ಲಿ ವ್ಯತ್ಯಾಸ ಕಂಡುಬಂದಿದ್ದು, ಈ ಬಗ್ಗೆ ಪರಿಶೀಲನೆ ನಡೆಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿದೆ."

ಓದಲು ಏನೂ ತಪ್ಪಿಲ್ಲ. ವ್ಯಾಕರಣ ಸರಿ, ಕಾಗುಣಿತ ಸರಿ, ಗಾಂಭೀರ್ಯ ಬೇಕಾದಷ್ಟಿದೆ. ಆದರೆ ಆ ಮೂರು ವಾರದಲ್ಲಿ ಮೀಟರ್‌ಗಳಲ್ಲಿ ಏನು ತಪ್ಪಿದೆ ಎಂದು ಯಾರೂ ನೋಡಿರಲಿಲ್ಲ. ಪಾರ್ಚ್‌ಮೆಂಟ್ ಕಾಫಿ, ಅಂದರೆ ಒಳಸಿಪ್ಪೆ ಬಿಡಿಸದ ಬೇಳೆ, ಶೇ 10ರ ತೇವಾಂಶಕ್ಕೆ ಒಣಗಿರಬೇಕು. ಸಕಲೇಶಪುರದ ಕಡೆಯಿಂದ ಬಂದ ಒಂದೇ ಲಾಟಿಗೆ ಗೋಡೌನಿನ ಮೀಟರ್ 12 ತೋರಿಸಿತು, ಲ್ಯಾಬಿನ ಮೀಟರ್ ಹತ್ತರ ಆಸುಪಾಸು ತೋರಿಸಿತು. ಎರಡು ಪಾಯಿಂಟ್ ಅಂದರೆ ಬೆಳೆಗಾರರಿಗೆ ಸಣ್ಣ ಮಾತಲ್ಲ. ಶೇ 12ರಲ್ಲಿರುವ 50 ಕೆಜಿ ಚೀಲವನ್ನು 10ಕ್ಕೆ ಒಣಗಿಸಿದರೆ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ತೂಕ ಹೋಗುತ್ತದೆ, ನೂರು ಚೀಲಕ್ಕೆ ಎರಡು ಚೀಲದಷ್ಟು. ಒಬ್ಬರು ಗೇಟಿನ ಹತ್ತಿರವೇ ಜೋರು ಮಾಡಿ ಹೋಗಿದ್ದರು. ನಾನು ಮಾತ್ರ ಪ್ರತಿ ಸೋಮವಾರ "ಕ್ರಮ ಕೈಗೊಳ್ಳಬೇಕಾಗಿದೆ" ಎಂದು ಚೆಂದದ ಅಕ್ಷರದಲ್ಲಿ ಬರೆಯುತ್ತಿದ್ದೆ.

ಆವತ್ತಿನಿಂದ ನಡಾವಳಿಯ ವಾಕ್ಯವನ್ನು ಕೆಟ್ಟ ಪಂಪ್ ನೋಡಿದ ಹಾಗೆ ನೋಡುವುದನ್ನು ರೂಢಿ ಮಾಡಿಕೊಂಡೆ. ನೋಡುವ ಕ್ರಮ ಕೆಳಗಿದೆ.

ಲಕ್ಷಣ

ಕೆಟ್ಟ ವಾಕ್ಯದ ಮೊದಲ ಗುರುತು ವಾಕ್ಯದೊಳಗೆ ಇರುವುದಿಲ್ಲ, ಮುಂದಿನ ವಾರದ ಪುಟದಲ್ಲಿರುತ್ತದೆ. ಒಂದೇ ವಿಷಯ ಹೆಚ್ಚುಕಮ್ಮಿ ಅದೇ ಪದಗಳಲ್ಲಿ ಎರಡನೇ ಸಲ ಬಂದರೆ ಅನುಮಾನಿಸಿ. ಮೂರನೇ ಸಲ ಬಂದರೆ ಅನುಮಾನವೇ ಬೇಡ. ಇನ್ನೊಂದು ಗುರುತು ಮೀಟಿಂಗ್ ಮುಗಿದ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಯಾರಾದರೂ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ "ಅದು ನಾನು ಮಾಡ್ಬೇಕಾ, ಅವರು ಮಾಡ್ತಾರಾ?" ಎಂದು ಕೇಳಿದರೆ ನಾನು ಬರೆದದ್ದು ಕೆಲಸಕ್ಕೆ ಬಂದಿಲ್ಲ ಎಂದೇ ಲೆಕ್ಕ. ಹಾಗೆ ಕೇಳುವವರು ನಮ್ಮಲ್ಲಿ ಕಡಿಮೆ, ಬಹಳ ಜನ ಕೇಳುವುದೇ ಇಲ್ಲ. ಹಾಗಾಗಿ ಮೊದಲ ಗುರುತನ್ನೇ ನಂಬಬೇಕು.

ಮೊದಲು ವಾಕ್ಯದ ಬಾಲ ನೋಡಿ

ಕನ್ನಡದಲ್ಲಿ ದೋಷ ಹುಡುಕುವವನಿಗೆ ಒಂದು ಅನುಕೂಲವಿದೆ. ಮಾಡುತ್ತೇನೆ, ಮಾಡುತ್ತೀರಿ, ಮಾಡುತ್ತಾಳೆ, ಮಾಡುತ್ತಾರೆ: ನಮ್ಮ ಕ್ರಿಯಾಪದ ಆಳನ್ನು ತನ್ನ ಬಾಲದಲ್ಲೇ ಹೊತ್ತು ತಿರುಗುತ್ತದೆ. ಕರ್ತೃಪದ ಬಿಟ್ಟುಹೋದರೂ ಬಾಲ ಹಿಡಿದು ಆಳನ್ನು ಪತ್ತೆ ಮಾಡಬಹುದು. ಅದಕ್ಕೇ ನಾವು ಮಾತಿನಲ್ಲಿ "ನಾನು", "ನೀವು" ಎಂದು ಪ್ರತಿ ಸಲ ಹೇಳುವುದಿಲ್ಲ.

ಆದರೆ ಕೆಲವು ಬಾಲಗಳು ಆಳನ್ನು ಹೊರುವುದೇ ಇಲ್ಲ, ಆಫೀಸಿನ ಕನ್ನಡ ನಿಂತಿರುವುದೇ ಅವುಗಳ ಮೇಲೆ. "ಮಾಡಲಾಗಿದೆ, ಮಾಡಲಾಗುವುದು" ಎಲ್ಲರಿಗೂ ಗೊತ್ತಿರುವ ಕಳ್ಳ. "ವರದಿ ಸಲ್ಲಿಸುವುದು" ಎಂಬ ಸುತ್ತೋಲೆಯ ಧಾಟಿ ಅದರ ತಮ್ಮ. "ಲೋಡ್ ಆಗಿಲ್ಲ", "ರಿಪೇರಿ ಆಗ್ತಾ ಇದೆ" ಎನ್ನುವಾಗ ಬರುವ "ಆಗು" ಇನ್ನೊಬ್ಬ. ಇದು ಕಾಗದಕ್ಕಿಂತ ಮಾತಿನಲ್ಲಿ ಹೆಚ್ಚು, ಮರ್ಯಾದೆಗಾಗಿ ಬರುತ್ತದೆ. "ನೀವು ಲೋಡ್ ಮಾಡಿಸಿಲ್ಲ ಸಾರ್" ಎಂದು ಮುಖದ ಮೇಲೆ ಹೇಳುವುದಕ್ಕಿಂತ "ಲೋಡ್ ಆಗಿಲ್ಲ ಸಾರ್" ಮೆತ್ತಗೆ ಕೇಳುತ್ತದೆ.

ನನ್ನ ಕಣ್ಣು ತಪ್ಪಿಸಿದ್ದು ಮಾತ್ರ ನಾಲ್ಕನೆಯದು, "ಬೇಕು". ನಾನು ಮಾಡಬೇಕು, ನೀವು ಮಾಡಬೇಕು, ಅವರು ಮಾಡಬೇಕು, ಎಲ್ಲಕ್ಕೂ ಒಂದೇ ಬಾಲ. "ಪರೀಕ್ಷೆ ಮಾಡಬೇಕು" ಕರ್ಮಣಿ ಪ್ರಯೋಗವಲ್ಲ, ಶಾಲೆಯ ಮೇಷ್ಟ್ರು ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಕರ್ತೃಪದವನ್ನು ಬಿಟ್ಟರೆ ಅದು "ಮಾಡಲಾಗುವುದು" ಎಂಬುದರಷ್ಟೇ ಅನಾಥ. "ನಮ್ಮ ನಡಾವಳಿಯಲ್ಲಿ ಕರ್ಮಣಿ ಪ್ರಯೋಗ ಬಿಟ್ಟಿದ್ದೇವೆ" ಎಂದು ಹೇಳಿಕೊಳ್ಳುವ ಆಫೀಸಿನ ಪುಸ್ತಕ ತೆರೆದರೂ "ಬೇಕು" ಸಾಲುಗಟ್ಟಿ ಕೂತಿರುವುದನ್ನು ನೋಡಿದ್ದೇನೆ.

ನಡಾವಳಿ ಕಂಪ್ಯೂಟರಿನಲ್ಲಿದ್ದರೆ ಬಾಲ ಹುಡುಕುವುದು ಐದು ನಿಮಿಷದ ಕೆಲಸ. Ctrl+F ಒತ್ತಿ "ಲಾಗ" ಎಂದು ಹುಡುಕಿ, ಆಮೇಲೆ "ಲಾಯಿತು", ಆಮೇಲೆ "ಬೇಕ". "ಮೊದಲಾಗಿ", "ಸಾಲಾಗಿ" ತರಹದ ನಿರಪರಾಧಿಗಳೂ ಸಿಕ್ಕಿಬೀಳುತ್ತವೆ, ಅವನ್ನು ದಾಟಿ ಮುಂದೆ ಹೋಗಿ. ಏನೂ ಸಿಗಲಿಲ್ಲವೆಂದು ಖುಷಿಪಡುವ ಮೊದಲು ಫೈಲು ಯೂನಿಕೋಡಿನಲ್ಲಿದೆಯೇ ನೋಡಿಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಬೇರೆ ಅಕ್ಷರಗಳು, ಹುಡುಕಿದರೆ ಸಿಗುವುದಿಲ್ಲ.

ಬಾಲದ ಹಿಂದಿನ ಟೊಳ್ಳು

ಬಾಲ ಸಿಕ್ಕಿತು ಎಂದು ತಕ್ಷಣ ಹೆಸರು ತುರುಕಬೇಡಿ. ನಾನು ಮೊದಲು ಮಾಡಿದ ತಪ್ಪು ಅದೇ. 20ರ ವಾಕ್ಯಕ್ಕೆ ಹೆಸರು ಸೇರಿಸಿ ಹೀಗೆ ತಿದ್ದಿದೆ (ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ): "ಮೀಟರ್ ವ್ಯತ್ಯಾಸದ ಬಗ್ಗೆ ಮಂಜಣ್ಣ ಪರಿಶೀಲನೆ ನಡೆಸಿ ಸೂಕ್ತ ಕ್ರಮ ಕೈಗೊಳ್ಳುತ್ತಾರೆ."

ಈಗ ಕರ್ತರಿ ಪ್ರಯೋಗ, ಆಳಿದ್ದಾನೆ, ಬಾಲವೂ ಸರಿ. ಮಂಜಣ್ಣ ಗೋಡೌನಿನಲ್ಲಿ ಸರಕು ಇಳಿಸಿಕೊಳ್ಳುವವರು. ಅವರಿಗೆ ಓದಿ ಹೇಳಿದೆ. "ಆಯ್ತು ಸ್ವಾಮಿ, ಪರಿಶೀಲನೆ ನಡೆಸ್ತೀನಿ. ಅಂದ್ರೆ ಏನ್ ಮಾಡ್ಲಿ?" ಅಂದರು.

ಉತ್ತರ ನನ್ನಲ್ಲೂ ಇರಲಿಲ್ಲ. ನಡೆಸು, ಕೈಗೊಳ್ಳು, ವಹಿಸು, ಹರಿಸು, ಜರುಗಿಸು: ಇವು ಕ್ರಿಯಾಪದದ ವೇಷ ಹಾಕಿಕೊಂಡಿವೆ, ಆದರೆ ಕ್ರಿಯೆ ಇವುಗಳ ಎಡಗಡೆ ಕೂತ ನಾಮಪದದಲ್ಲಿ ಹೆಪ್ಪುಗಟ್ಟಿರುತ್ತದೆ. ಪರಿಶೀಲನೆ ನಡೆಸು, ಕ್ರಮ ಕೈಗೊಳ್ಳು, ಎಚ್ಚರ ವಹಿಸು, ಗಮನ ಹರಿಸು. ಕರಗಿಸಲು ನೋಡಿದರೆ ಕೆಲವು ಕರಗುತ್ತವೆ: "ಪರಿಶೀಲನೆ ನಡೆಸು" ಎಂಬುದು "ನೋಡು" ಆಗುತ್ತದೆ. "ಕ್ರಮ ಕೈಗೊಳ್ಳು" ಕರಗುವುದಿಲ್ಲ, ಏಕೆಂದರೆ ಒಳಗೆ ಏನೂ ಇಲ್ಲ.

ಪರೀಕ್ಷೆ ಸರಳ. ಕೆಲಸ ಮುಗಿದಾಗ ಕೈಯಲ್ಲಿ ಏನಿರುತ್ತದೆ ಎಂದು ಕೇಳಿ. ಒಂದು ಚೀಟಿ, ತುಂಬಿದ ರಿಜಿಸ್ಟರ್ ಪುಟ, ಬಿಲ್ಲು, ಬದಲಾಯಿಸಿದ ಬೇರಿಂಗು, ಹೋದ ಫೋನ್ ಕಾಲಿಗೆ ಬಂದ ಉತ್ತರ, ಏನಾದರೂ ಒಂದು. ಉತ್ತರ ಬರದಿದ್ದರೆ ಕ್ರಿಯಾಪದ ಟೊಳ್ಳು. ತೂಗು, ಅಳೆ, ಬಿಚ್ಚು, ಎಣಿಸು, ಬರೆ, ಕಳಿಸು, ಕೇಳು ಎಂಬ ಕ್ರಿಯಾಪದಗಳು ಈ ಪರೀಕ್ಷೆಯಲ್ಲಿ ಯಾವತ್ತೂ ಫೇಲಾಗುವುದಿಲ್ಲ. ಇವೆಲ್ಲ ಗೋಡೌನಿನಲ್ಲಿ ದಿನವೂ ಕೇಳುವ ಪದಗಳು. ಮಹಡಿ ಹತ್ತಿ ಆಫೀಸಿಗೆ ಬರುವಷ್ಟರಲ್ಲಿ "ಪರಿಮಾಣ ನಿರ್ಧಾರ" ಆಗಿಬಿಟ್ಟಿರುತ್ತವೆ.

ವಾಕ್ಯ ಬಿಚ್ಚಿದಾಗ ಮೀಟರಿನ ದೋಷ ಸಿಕ್ಕಿದ್ದು

"ಏನ್ ಮಾಡ್ಲಿ" ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಆ ಮಧ್ಯಾಹ್ನ ಕೆಳಗಿಳಿದೆ. ಮಂಜಣ್ಣನವರನ್ನು ಕೇಳಿದ್ದು ಒಂದೇ: "ಅಣ್ಣ, ಲೋಡ್ ಬಂದಾಗ ಮೀಟರಿಗೆ ಕಾಫಿ ಹಾಕೋವರೆಗೂ ಕೈಯಲ್ಲಿ ಏನೇನ್ ಮಾಡ್ತೀರಿ, ಒಂದೊಂದೇ ಹೇಳಿ."

"ಬಂಬು ಚುಚ್ಚಿ ಚೀಲದಿಂದ ಸ್ಯಾಂಪಲ್ ತೆಗಿತೀನಿ. ಎಲ್ಲಾ ಒಂದು ತಟ್ಟೇಲಿ ಸುರಿದು ಕಲೆಸ್ತೀನಿ. ತೂಗಿ ಮೀಟರಿಗೆ ಹಾಕ್ತೀನಿ."

"ಸಿಪ್ಪೆ?"

"ಸಿಪ್ಪೆ ಹಾಗೇ ಇರುತ್ತೆ. ಲಾರಿ ಕಾಯ್ತಾ ಇರುತ್ತಲ್ಲ, ಬಿಡಿಸ್ತಾ ಕೂರಕ್ಕಾಗುತ್ತಾ?"

ಲ್ಯಾಬಿನಲ್ಲಿ ಶಾಂತಕ್ಕನಿಗೂ ಅದೇ ಪ್ರಶ್ನೆ. ಅವರು ಪಾರ್ಚ್‌ಮೆಂಟಿನ ಸಿಪ್ಪೆ ಬಿಡಿಸಿ ಬರೀ ಬೇಳೆ ಅಳೆಯುತ್ತಿದ್ದರು. ಎರಡೂ ಮೀಟರ್ ಒಂದೇ ಕಂಪನಿಯವು, ಎರಡರಲ್ಲೂ ಬೇಳೆಗೆ ಒಂದು ಸೆಟ್ಟಿಂಗ್, ಪಾರ್ಚ್‌ಮೆಂಟಿಗೆ ಇನ್ನೊಂದು. ಗೋಡೌನಿನ ಮೀಟರ್ ಯಾವಾಗಲೋ ಬೇಳೆಯ ಸೆಟ್ಟಿಂಗಿಗೆ ಹೋಗಿತ್ತು, ಮಂಜಣ್ಣ ಅದರಲ್ಲಿ ಸಿಪ್ಪೆ ಸಮೇತ ಅಳೆಯುತ್ತಿದ್ದರು. ಇಂಥ ಮೀಟರ್ ಕಾಫಿಯ ವಿದ್ಯುತ್ ಗುಣವನ್ನು ಅಳೆದು, ಆಯಾ ಪದಾರ್ಥಕ್ಕೆ ಮೊದಲೇ ಹಾಕಿಟ್ಟ ಲೆಕ್ಕದಿಂದ ತೇವಾಂಶ ಹೇಳುತ್ತದೆ. ಪದಾರ್ಥ ಬೇರೆ, ಲೆಕ್ಕ ಬೇರೆಯಾದರೆ ಅದು ಹೇಳುವ ಅಂಕಿಗೆ ಅರ್ಥವಿಲ್ಲ.

ಎರಡು ಕಡೆಯವರೂ "ಪರಿಶೀಲನೆ" ಮಾಡಿದ್ದೇವೆ ಎಂದೇ ನಂಬಿದ್ದರು. ಮೀಟಿಂಗಿನಲ್ಲಿ ಇಬ್ಬರೂ "ಟೆಸ್ಟ್ ಮಾಡಲಾಗಿದೆ" ಎಂದೇ ಹೇಳಿದ್ದರು. ಒಂದೇ ಪದದ ಕೆಳಗೆ ಎರಡು ಬೇರೆ ಕೆಲಸಗಳಿದ್ದವು. "ಸಿಪ್ಪೆ ಬಿಡಿಸಿದೆ" ಎಂದು ಒಬ್ಬರು, "ಸಿಪ್ಪೆ ಸಮೇತ ಹಾಕಿದೆ" ಎಂದು ಇನ್ನೊಬ್ಬರು ಹೇಳಿದ್ದರೆ ಜನವರಿ 6ರಂದೇ ಯಾರಾದರೂ ತಲೆ ಎತ್ತುತ್ತಿದ್ದರು. ವ್ಯತ್ಯಾಸ ಅಡಗಿದ್ದದ್ದು ಕ್ರಿಯಾಪದದಲ್ಲಿ, ಅದನ್ನು ಒರೆಸಿ ಹಾಕಿದ್ದವನು ನಾನು.

ಆದರೂ ಸೆಟ್ಟಿಂಗ್ ಒಂದೇ ಕಾರಣವೋ, ಮೀಟರ್ ಕೂಡ ಸರಿದಿದೆಯೋ ಎನ್ನುವುದು ಬಾಕಿ ಇತ್ತು. ಅದು ಖಚಿತವಾಗಬೇಕಾದರೆ ಅದೇ ಸ್ಯಾಂಪಲನ್ನು 105 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ, ಮೊದಲಿನ ಮತ್ತು ಆಮೇಲಿನ ತೂಕದಿಂದ ಲೆಕ್ಕ ಹಾಕಬೇಕು. ಮ್ಯಾನೇಜರನ್ನೂ ಇಬ್ಬರನ್ನೂ ಕೂರಿಸಿಕೊಂಡು 20ರ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದೆ:

"ಮಂಜಣ್ಣ ಇವತ್ತು ಸಂಜೆಯೊಳಗೆ ಗೋಡೌನ್ ಮೀಟರನ್ನು ಪಾರ್ಚ್‌ಮೆಂಟ್ ಸೆಟ್ಟಿಂಗಿಗೆ ಬದಲಿಸಿ, ಗುಂಡಿಯ ಮೇಲೆ ಚೀಟಿ ಅಂಟಿಸುತ್ತಾರೆ. ಶಾಂತಕ್ಕ ಬುಧವಾರ 22ರಂದು ಮೂರು ಲಾಟಿನ ಸ್ಯಾಂಪಲನ್ನು ಎರಡೂ ಮೀಟರಿನಲ್ಲಿ ಅಳೆದು, ಅದೇ ಸ್ಯಾಂಪಲನ್ನು ಓವನ್ನಿಗೆ ಇಡುತ್ತಾರೆ. ಶುಕ್ರವಾರ 24ರಂದು ಒಂಬತ್ತೂ ಅಂಕಿಗಳನ್ನು ಮ್ಯಾನೇಜರಿಗೆ ಕೊಡುತ್ತಾರೆ."

ಒಂದು ವಾಕ್ಯ ಮೂರಾಯಿತು. ನಡಾವಳಿ ಉದ್ದವಾಗುತ್ತದೆ ಎಂದು ಮ್ಯಾನೇಜರ್ ಗೊಣಗಿದರು, ನಿಜವೇ. ಆದರೆ ಮುಂದಿನ ಸೋಮವಾರ ಅದೇ ವಿಷಯ ಒಂದು ಸಾಲಿನಲ್ಲಿ ಮುಗಿಯಿತು: ಮೀಟರ್‌ಗಳು ಓವನ್ನಿಗೆ ಹತ್ತಿರವಿವೆ, ಹಳೆಯ ಸೆಟ್ಟಿಂಗಿನಲ್ಲಿ ಅಳೆದ ಲಾಟುಗಳನ್ನು ಶಾಂತಕ್ಕ ಮತ್ತೆ ಅಳೆಯುತ್ತಾರೆ.

ರಿಪೇರಿ ಆದಂತೆ ಕಂಡು ಆಗದಿರುವುದು

ಹೆಸರು ಹಾಕಿದರೂ ವಾಕ್ಯ ಮತ್ತೆ ಕೆಡುವ ಕೆಲವು ಜಾಗಗಳಿವೆ. ಅತಿ ಹೆಚ್ಚು ಮೋಸ ಮಾಡುವುದು "ಗೆ" ವಿಭಕ್ತಿ. "ಮಂಜಣ್ಣನವರಿಗೆ ಸೂಚಿಸಲಾಯಿತು." ಹೆಸರಿದೆ, ಆದರೆ ಆ ಹೆಸರು ಕೆಲಸದ ಒಡೆಯನದ್ದಲ್ಲ, ಮಾತು ಕೇಳಿಸಿಕೊಂಡವನದ್ದು. ಸೂಚಿಸಿದವರು ಕಾಣೆ, ಮಂಜಣ್ಣ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಕಣ್ಣಾಡಿಸುವವರಿಗೆ ಹೆಸರು ಕಂಡು ಸಮಾಧಾನವಾಗುತ್ತದೆ, ಅದೇ ಅಪಾಯ. ಒಡೆಯನ ಹೆಸರು ಯಾವ ಪ್ರತ್ಯಯವೂ ಇಲ್ಲದೆ ಬರಿಗಾಲಿನಲ್ಲಿ ನಿಂತಿರಬೇಕು. "ಮಂಜಣ್ಣನವರಿಂದ", "ಮಂಜಣ್ಣನವರ ಮೂಲಕ", "ಮಂಜಣ್ಣನವರ ಗಮನಕ್ಕೆ" ಎಲ್ಲವೂ ಅದೇ ಜಾತಿ.

"ಗೋಡೌನ್ ವಿಭಾಗ ಅಳೆಯುತ್ತದೆ" ಇನ್ನೊಂದು. ಬಾಲದಲ್ಲಿ "ತ್ತದೆ" ಬಂದರೆ ಕೆಲಸ ಮಾಡುವುದು ಮನುಷ್ಯನಲ್ಲ ಎಂದು ಕನ್ನಡವೇ ಹೇಳಿಕೊಡುತ್ತದೆ. ವಿಭಾಗ ಊಟಕ್ಕೆ ಹೋಗುವುದಿಲ್ಲ, ರಜೆ ಹಾಕುವುದಿಲ್ಲ, ಅದಕ್ಕೆ ಫೋನ್ ಮಾಡಿ ಕೇಳಲೂ ಆಗುವುದಿಲ್ಲ. "ಸಂಬಂಧಪಟ್ಟವರು" ಬಗ್ಗೆ ಹೇಳುವುದೇ ಬೇಡ. ಅವರನ್ನು ಹಾಸನ ಜಿಲ್ಲೆಯಲ್ಲಿ ಯಾರೂ ನೋಡಿಲ್ಲ.

ಎರಡು ಹೆಸರು ಹಾಕುವುದೂ ಕೆಲಸ ಕೆಡಿಸುತ್ತದೆ. "ಮಂಜಣ್ಣ ಮತ್ತು ಶಾಂತಕ್ಕ ನೋಡುತ್ತಾರೆ" ಎಂದರೆ ಮಂಜಣ್ಣ ಶಾಂತಕ್ಕನನ್ನು ಕಾಯುತ್ತಾರೆ, ಶಾಂತಕ್ಕ ಮಂಜಣ್ಣನನ್ನು. ಇಬ್ಬರೂ ಬೇಕೇ ಬೇಕಾದರೆ ಕೆಲಸವನ್ನು ಎರಡು ಕ್ರಿಯಾಪದಕ್ಕೆ ಸೀಳಿ, ಒಂದೊಂದಕ್ಕೆ ಒಂದೊಂದು ಹೆಸರು ಕೊಡಿ. ಸೀಳಲು ಆಗುತ್ತಿಲ್ಲವೆಂದರೆ ಕ್ರಿಯಾಪದ ಇನ್ನೂ ಟೊಳ್ಳಾಗಿದೆ, ಹಿಂದಿನ ಪರೀಕ್ಷೆಗೆ ವಾಪಸ್ ಹೋಗಿ.

ಕೊನೆಯದು, ಮೀಟಿಂಗಿಗೆ ಬಾರದವರ ಹೆಸರು. ಒಮ್ಮೆ ರಜೆಯಲ್ಲಿದ್ದ ಎಲೆಕ್ಟ್ರಿಷಿಯನ್ ಹೆಸರಿಗೆ ಮೂರು ಕೆಲಸ ಬರೆದಿದ್ದೆ. ಬಂದವನು ಪುಸ್ತಕ ನೋಡಿ ನಕ್ಕ. "ಬರೆದವರೇ ಮಾಡ್ಲಿ ಬಿಡಿ" ಅಂದ. ಅವನು ಹೇಳಿದ್ದು ಸರಿ. "ಮಾಡುತ್ತಾರೆ" ಎಂದು ನಾನು ಬರೆಯಬೇಕಾದರೆ "ಮಾಡ್ತೀನಿ" ಎಂದು ಅವರ ಬಾಯಲ್ಲಿ ಬಂದಿರಬೇಕು.

ಹಿಂದೆ ಆದದ್ದಕ್ಕೆ ಹೆಸರು ಹಾಕುವ ಮುನ್ನ

ಈ ರಿಪೇರಿ ಶುರುಮಾಡಿದ ಎರಡನೇ ವಾರ ಗೋಡೌನಿನಲ್ಲಿ ಮುಖಗಳು ಬಿಗಿದವು. "ಹೆಸರು ಹಾಕಿದ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ" ಎಂದು ಒಬ್ಬ ಹುಡುಗ ನೇರವಾಗಿಯೇ ಹೇಳಿದ. ಆಮೇಲೆ ನೋಡಿದರೆ ನಾನು ಎರಡು ಬೇರೆ ವಾಕ್ಯಗಳಿಗೆ ಒಂದೇ ಔಷಧ ಕೊಡುತ್ತಿದ್ದೆ.

ಮುಂದೆ ಆಗಬೇಕಾದ ಕೆಲಸಕ್ಕೆ ಹೆಸರು ಬೇಕು. ಆಗಿಹೋದ ತಪ್ಪಿಗೆ ಹೆಸರು ಹಾಕುವುದು ಬೇರೆ ವಿಷಯ. ಅಲ್ಲಿ ಮೊದಲು ಬೇಕಾದದ್ದು ಏನಾಯಿತು ಎಂಬ ವಿವರ. ರಾತ್ರಿ ಇಬ್ಬನಿಗೆ ನಲವತ್ತು ಚೀಲ ನೆಂದಾಗ ಹಳೆಯ ರೂಢಿಯಲ್ಲಿ "ನಿರ್ಲಕ್ಷ್ಯದಿಂದಾಗಿ ಸರಕಿಗೆ ಹಾನಿಯುಂಟಾಗಿರುತ್ತದೆ" ಎಂದು ಬರೆಯುತ್ತಿದ್ದೆ. ಹೊಸ ಉತ್ಸಾಹದಲ್ಲಿ "ರವಿ ಚೀಲಗಳನ್ನು ನೆನೆಸಿದ" ಎಂದು ಬರೆದೆ. ಮೊದಲನೆಯದರಲ್ಲಿ ಮಾಹಿತಿಯಿಲ್ಲ, ಎರಡನೆಯದು ಸುಳ್ಳು. ರವಿ ಟಾರ್ಪಾಲು ಹೊದಿಸಿದ್ದ, ಟಾರ್ಪಾಲು ಮಧ್ಯದಲ್ಲಿ ಹರಿದಿತ್ತು. ಕೊನೆಗೆ ನಿಂತದ್ದು ಇದು:

"25ರ ರಾತ್ರಿ ಹೊರಗಿದ್ದ 40 ಚೀಲ ನೆಂದಿವೆ. ಹೊದಿಸಿದ್ದ ಟಾರ್ಪಾಲಿನ ಮಧ್ಯದಲ್ಲಿ ಎರಡು ಅಡಿ ಹರಿದಿದೆ. ರವಿ ಇವತ್ತು ಎಲ್ಲ ಟಾರ್ಪಾಲು ಬಿಡಿಸಿ ನೋಡಿ, ಹರಿದವನ್ನು ಎಣಿಸಿ ಮಂಜಣ್ಣನವರಿಗೆ ಹೇಳುತ್ತಾನೆ. ಮಂಜಣ್ಣ ನಾಳೆ ಹೊಸದಕ್ಕೆ ಆರ್ಡರ್ ಕೊಡುತ್ತಾರೆ."

ಮೊದಲೆರಡು ಸಾಲಿನಲ್ಲಿ ಮನುಷ್ಯರಿಲ್ಲ, ಕಾಣುವ ವಸ್ತುಗಳಿವೆ. "ನೆಂದಿವೆ", "ಹರಿದಿದೆ" ಆಳಿಲ್ಲದ ಕ್ರಿಯಾಪದಗಳೇ, ಆದರೆ ಇಲ್ಲಿ ಅವು ಏನನ್ನೂ ಮುಚ್ಚಿಡುತ್ತಿಲ್ಲ. ಹೆಸರುಗಳೆಲ್ಲ ಇವತ್ತಿನಿಂದ ಮುಂದಕ್ಕೆ. ಯಾರ ತಪ್ಪು ಎಂಬುದನ್ನು ವಿಚಾರಿಸಬೇಕೆಂದರೆ ಅದಕ್ಕೆ ಬೇರೆ ಪುಸ್ತಕವಿದೆ, ಅದರಲ್ಲಿ ಆ ಮನುಷ್ಯನಿಗೂ ಮಾತಾಡಲು ಜಾಗವಿರುತ್ತದೆ.

ಮುಟ್ಟದೆ ಬಿಡುವ ವಾಕ್ಯಗಳು

ಕೆಲಸದ ವಿಧಾನ ವಿವರಿಸುವಾಗ "ಸಿಪ್ಪೆ ತೆಗೆದ ಮೇಲೆ ಬೇಳೆಯನ್ನು ಗಾತ್ರದ ಪ್ರಕಾರ ಬೇರ್ಪಡಿಸಲಾಗುತ್ತದೆ" ಎಂದರೆ ಚೆನ್ನಾಗಿಯೇ ಇದೆ. ಆ ಯಂತ್ರದ ಮುಂದೆ ಇವತ್ತು ಯಾರು ನಿಂತಿದ್ದಾರೆ ಎಂಬುದು ಓದುವವರಿಗೆ ಬೇಡ. "ಬೀಗ ಒಡೆಯಲಾಗಿದೆ" ಎಂಬುದೂ ಸರಿ, ಒಡೆದವರು ಯಾರೆಂದು ಗೊತ್ತಿದ್ದರೆ ತಾನೇ ಹೇಳುವುದು. "ಒಳಗೆ ಬೀಡಿ ಸೇದಬಾರದು" ಎಲ್ಲರಿಗೂ ಅನ್ವಯಿಸುವ ಮಾತು, ಹೆಸರು ಹಾಕಿದರೆ ಉಳಿದವರು ಸೇದುತ್ತಾರೆ.

ಒಡೆಯ ಸಿಗದಿದ್ದರೆ

ಫೆಬ್ರವರಿಯಲ್ಲಿ ಒಂದು ವಾಕ್ಯ ಎಲ್ಲ ಪರೀಕ್ಷೆಯಲ್ಲೂ ಸಿಕ್ಕಿಬಿದ್ದು ರಿಪೇರಿಗೆ ಒಗ್ಗಲೇ ಇಲ್ಲ: "ಜನರೇಟರ್ ದುರಸ್ತಿ ಆಗಬೇಕಾಗಿದೆ." ಕರೆಂಟು ಹೋದಾಗಲೆಲ್ಲ ಪಾಲಿಶಿಂಗ್ ನಿಲ್ಲುತ್ತಿತ್ತು. ಎಲೆಕ್ಟ್ರಿಷಿಯನ್ "ನನ್ನ ಕೈಲಿ ಆಗೋ ರಿಪೇರಿ ಅಲ್ಲ, ಹೊರಗಿನ ಮೆಕ್ಯಾನಿಕ್ ಬರ್ಬೇಕು" ಅಂದ. ಅಕೌಂಟ್ಸಿನವರು "ದುಡ್ಡಿಗೆ ಮೇಲಿಂದ ಸಹಿ ಬರ್ಬೇಕು" ಅಂದರು. ಸಹಿ ಹಾಕುವವರು ಮೀಟಿಂಗಿಗೆ ಬರುವುದಿಲ್ಲ. ಸುಮ್ಮನೆ ಒಂದು ಹೆಸರು ಬರೆಯಬಹುದಿತ್ತು, ಎಲೆಕ್ಟ್ರಿಷಿಯನ್ ಹೆಸರಿಗೆ ಹಿಂದೊಮ್ಮೆ ಬರೆದಂತೆ.

ಇಲ್ಲಿ ಕೆಟ್ಟಿರುವುದು ವಾಕ್ಯವಲ್ಲ. ಒಡೆಯನಿಲ್ಲದ ಕೆಲಸವನ್ನು ಒಡೆಯನಿಲ್ಲವೆಂದೇ ಬರೆಯಬೇಕು, ಇಲ್ಲದಿದ್ದರೆ "ಆಗಬೇಕಾಗಿದೆ" ಎಂಬ ಬಾಲ ಅದನ್ನು ಇನ್ನೂ ಮೂರು ತಿಂಗಳು ಹೊತ್ತು ತಿರುಗುತ್ತದೆ. ಕೊನೆಗೆ ಬರೆದ ಸಾಲು ಇದು: "ಜನರೇಟರ್ ದುರಸ್ತಿಯನ್ನು ಯಾರೂ ಒಪ್ಪಿಕೊಂಡಿಲ್ಲ. ಮ್ಯಾನೇಜರ್ ಗುರುವಾರದೊಳಗೆ ಮಾಲೀಕರಿಗೆ ಫೋನ್ ಮಾಡಿ, ಯಾರು ಮಾಡಿಸುತ್ತಾರೆ ಎಂದು ಕೇಳಿ ಬರುತ್ತಾರೆ." ಬರೆದು ಓದಿದಾಗ ಮ್ಯಾನೇಜರ್ ಒಂದು ಕ್ಷಣ ಪುಸ್ತಕವನ್ನೇ ನೋಡಿದರು. ಆಮೇಲೆ "ಗುರುವಾರ ಬೇಡ, ಶುಕ್ರವಾರ ಅಂತ ಹಾಕು" ಅಂದರು. ಹೊಡೆದು, ಶುಕ್ರವಾರ ಎಂದು ತಿದ್ದಿದೆ.